ಹಾಡಿನ ಕಡೀಗೆ ಬರೋ ಅಂಕಿತ ಹಿಡ್ಕೊಂಡು ವಚನ ಯಾರದು ಅಂತ ಪತ್ತೆ ಹಚ್ಚೋದು ಹೆಂಗ? ಒಂದು ಸಮಗ್ರ ಮಾರ್ಗದರ್ಶಿ

ಹೋದ ವರ್ಷ ನಮ್ಮ ಓಣಿಯ ಭಜನಾ ಮೇಳದ ಹುಡುಗಿಯೊಬ್ಬಳು ವಾಟ್ಸಾಪಿನಾಗ ಒಂದು ಆಡಿಯೋ ಕಳಿಸಿದ್ಲು. ಗದಗಿನ ಕಡೆ ಯಾವುದೋ ಕಾರ್ಯಕ್ರಮದಾಗ ಫೋನಿನಿಂದ ರೆಕಾರ್ಡ್ ಮಾಡಿದ್ದು, ಹಾರ್ಮೋನಿಯಂ ಜೋರ, ತಬಲಾ ಅದಕಿಂತ ಜೋರ, ನಡುವ ಒಬ್ಬರು ಭಾಳ ಛಲೋ ವಚನ ಹಾಡ್ಲಿಕತ್ತಾರ. "ಕಾಕಾ, ಇದು ಅಕ್ಕಮಹಾದೇವಿದು ಹೌದಲ್ರೀ? ಮಹಿಳಾ ದಿನಾಚರಣೆಗೆ ನಾವೂ ಇದನ್ನೇ ಹಾಡೂದು ಅಂತ ಮಾಡೀವಿ, ಕರಪತ್ರದಾಗ ಹೆಸರು ಹಾಕಬೇಕು" ಅಂತ ಕೇಳಿದ್ಲು. ಹೆಣ್ಣಿನ ಬಗ್ಗೆ ವಚನ, ಕಡೀಗೆ "ಮಲ್ಲಿಕಾರ್ಜುನ" ಅಂತ ಕೇಳಸ್ತೈತಿ, ನಾನೂ ಹಿಂದಮುಂದ ನೋಡ್ದ ಹೂಂ ಅಂದೆ. ಆಮ್ಯಾಲೆ ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಇನ್ನೊಮ್ಮೆ ಕೇಳಿದಾಗ ಮೈ ಝುಂ ಅಂತು, ಅದು ಅಕ್ಕನ ವಚನ ಅಲ್ಲವೇ ಅಲ್ಲ. ಕರಪತ್ರ ಪ್ರಿಂಟಿಗೆ ಹೋಗೋದು ಮುಂಜಾನೆ ಇತ್ತು ಅಂತ ಉಳಕೊಂಡ್ವಿ. ಆ ಆಡಿಯೋನ ನಾನು ಹೆಂಗ ಬಿಡಿಸಿದೆ ಅನ್ನೋದನ್ನ ಇಲ್ಲಿ ಒಂದೊಂದಾಗಿ ಹೇಳ್ತೀನಿ, ನಿಮ್ಮ ಕೈಯಾಗಿರೋ ಆಡಿಯೋಕ್ಕೂ ಇದೇ ದಾರಿ ನಡೀತೈತಿ.

ಮದಲನೇದು: ಹಾಡು ಮುಗಿಯೋ ಜಾಗಾದಾಗ ಅಂಕಿತ ಹುಡುಕಬ್ಯಾಡ್ರಿ

ಎಲ್ಲಾರೂ ಆಡಿಯೋದ ಕಡೀ ಹತ್ತು ಸೆಕೆಂಡಿಗೆ ಹೋಗಿ ಕಿವಿಗೊಟ್ಟು ಕೂಡ್ತಾರ, ಅಲ್ಲಿ ಏನೂ ಸಿಗಂಗಿಲ್ಲ. ಯಾಕಂದ್ರ ವಚನ ಪುಸ್ತಕದಾಗ ಎಲ್ಲಿ ಮುಗೀತೈತೋ ಹಾಡು ಅಲ್ಲಿ ಮುಗಿಯಂಗಿಲ್ಲ. ನಮ್ಮ ಧಾರವಾಡ, ಗದಗ ಕಡೆ ವಚನ ಹಾಡೋ ಪದ್ಧತಿ ಹಿಂದೂಸ್ತಾನಿ ಬಂದಿಶ್ ಇದ್ದಂಗ, ವಚನದ ಮದಲನೇ ಸಾಲನ್ನ ಮುಖಡಾ ಅಂತ ಹಿಡೀತಾರ, ನಡುವಿನ ಸಾಲು ಒಂದೊಂದಾಗಿ ಹಾಡಿ ಪ್ರತಿ ಸಲ ಮತ್ತ ಮುಖಡಾಕ್ಕೆ ಬಂದು ಸಮ್ ಅಂದ್ರ ತಾಳದ ಮದಲನೇ ಪೆಟ್ಟು ಮುಟ್ಟತಾರ, ಕಡೀ ಸಾಲು ಅಂದ್ರ ಅಂಕಿತ ಇರೋ ಸಾಲು ಹಾಡಿದ ಮ್ಯಾಲೂ ಹಂಗ ಮಾಡಿ ಮುಖಡಾದಾಗೇ ನಿಲ್ಲಸ್ತಾರ. ಹಿಂಗಾಗಿ ನಿಮ್ಮ ಕಿವಿಗೆ ಕಡೀಗೆ ಬೀಳೋದು ವಚನದ ಮದಲನೇ ಸಾಲು.

ಅದಕ್ಕ ಹಿಂದಕ್ಕ ಬರ್ರಿ. ಕಡೀ ಸಲ ಮುಖಡಾ ಶುರುವಾಗೋದಕ್ಕಿಂತ ಮದಲ ಹೊಸಾ ಮಾತು ಎಲ್ಲಿ ಕೇಳಸ್ತೈತಿ ನೋಡ್ರಿ, ಅದೇ ಅಂಕಿತದ ಸಾಲು. ಆ ಸಾಲನ್ನ ಗಾಯಕರು ಒಂದೇ ಸಲ ಹಾಡಿ ಬಿಡಂಗಿಲ್ಲ, ಮೂರ್ನಾಲ್ಕು ಸಲ ತಿರುಗಸ್ತಾರ. ಅದರಾಗ ಮದಲನೇ ಸಲದ್ದೇ ನಿಮಗ ಬೇಕಾಗಿದ್ದು, ಆವಾಗ ಶಬ್ದ ಸ್ಪಷ್ಟ ಇರ್ತೈತಿ. ಎರಡನೇ ಸಲದಿಂದ ಆಲಾಪ, ತಾನು ಅನ್ನೋ ಸ್ವರದ ಓಟ ಎಲ್ಲಾ ಸೇರಿ ಶಬ್ದ ಒಡೀತೈತಿ, "ಕೂಡಲ" ಅಂತ ಹೇಳಿ ಉಸಿರು ತಗೊಂಡು ನಾಕು ಮಾತ್ರೆ ಬಿಟ್ಟು "ಸಂಗಮದೇವ" ಅಂತಾರ, ಕೇಳೋರಿಗೆ ಅದು ಎರಡು ಬ್ಯಾರೆ ಮಾತು ಅನಸ್ತೈತಿ. ಪ್ಲೇಯರಿನಾಗ ಸ್ಪೀಡ್ 0.75ಕ್ಕ ಇಳಿಸಿ ಆ ಮದಲನೇ ಸಲದ ಸಾಲನ್ನ ಐದಾರು ಸಲ ಕೇಳ್ರಿ, ಅದಕಿಂತ ನಿಧಾನ ಮಾಡಿದ್ರ ವ್ಯಂಜನ ಎಲ್ಲಾ ಕಲಸಿಹೋಗ್ತಾವ.

ನಿಮ್ಮ ಕ್ಲಿಪ್ಪಿನಾಗ ಆ ಸಾಲೇ ಇಲ್ಲಂದ್ರ, ಅಂದ್ರ ಯಾರೋ ಸ್ಟೇಟಸ್ಸಿಗೆ ಹಾಕಾಕ ನಡುವ ಕತ್ತರಿಸಿದ್ರ, ಅಂಕಿತದ ದಾರಿ ಅಲ್ಲಿಗೆ ಬಂದ್. ಪೂರ್ತಿ ಆಡಿಯೋ ಕೇಳಿ ತರಿಸ್ಕೋರಿ, ಇಲ್ಲಾ ಮದಲನೇ ಸಾಲಿನಿಂದ ಹುಡುಕ್ರಿ.

ಎರಡನೇದು: ಅಂಕಿತ ಸಾಲಿನ ತುದಿಗೇ ಇರಬೇಕಂತ ಇಲ್ಲ, ಅದರ ರೂಪಾನೂ ಬದಲಾಗ್ತೈತಿ

ಇಲ್ಲಿ ಭಾಳ ಮಂದಿ ತಪ್ಪು ಮಾಡ್ತಾರ. "ಉಳ್ಳವರು ಶಿವಾಲಯ ಮಾಡುವರು" ನಿಮಗೆಲ್ಲಾ ಗೊತ್ತಿರೋ ಬಸವಣ್ಣನ ವಚನ, ಅದರಾಗ "ಕೂಡಲಸಂಗಮದೇವಾ ಕೇಳಯ್ಯಾ" ಅಂತ ಬಂದ ಮ್ಯಾಲೆ ಇನ್ನೂ ಸ್ಥಾವರ ಜಂಗಮದ ಮಾತು ಐತಿ. ಅಕ್ಕನ "ಬೆಟ್ಟದ ಮೇಲೊಂದು ಮನೆಯ ಮಾಡಿ" ತಗೋರಿ, ಅಂಕಿತ ಬಂದ ಮ್ಯಾಲೆ ಒಂದು ಇಡೀ ವಾಕ್ಯ ಐತಿ, ಸ್ತುತಿ ನಿಂದೆ ಬಂದ್ರ ಸಮಾಧಾನಿ ಆಗಿರಬೇಕು ಅನ್ನೋ ವಾಕ್ಯ. ಹಿಂಗಾಗಿ ಕಡೀ ಶಬ್ದ ಅಲ್ಲ, ಕಡೀ ವಾಕ್ಯ ಪೂರ್ತಿ ಬರಕೋಬೇಕು.

ಮತ್ತ ಅಂಕಿತಕ್ಕ ವಿಭಕ್ತಿ ಹತ್ತತೈತಿ. "ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ" ಅನ್ನೋ ವಚನ, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ದನಿಯಾಗ ಕೇಳಿದವರಿಗೆ ಮರೆಯಂಗೇ ಇಲ್ಲ, ಅದರ ಕಡೀಗೆ "ಚೆನ್ನಮಲ್ಲಿಕಾರ್ಜುನನ ಕಂಡು ಕಂದೆರೆದೆನು" ಅಂತ ಬರ್ತೈತಿ. ಅಲ್ಲಿ ದೇವರನ್ನ ಕರೀಲಿಕತ್ತಿಲ್ಲ, ದೇವರ ಬಗ್ಗೆ ಹೇಳ್ಲಿಕತ್ತಾಳ. "ದೇವಾ", "ಅಯ್ಯಾ" ಅಂತ ಸಂಬೋಧನೆ ಇಲ್ಲ ಅಂದಕೂಡ್ಲೇ ಅಂಕಿತ ಇಲ್ಲ ಅನ್ಕೋಬ್ಯಾಡ್ರಿ. ಬರಕೋವಾಗ ಮದಲ ಕೇಳಿದ್ದನ್ನ ಕೇಳಿದಂಗೇ ಬರೀರಿ, ಆಮ್ಯಾಲೆ ಬಾಲ ತೆಗೀರಿ. "ಸಂಗಯ್ಯ", "ಸಂಗಮದೇವ" ಎರಡೂ ಒಂದೇ ವಚನಕಾರರ ಬ್ಯಾರೆ ರೂಪ ಇರಬಹುದು, ಹೆಂಗ ಬಂದೈತಿ ಅನ್ನೋದು ಮುಂದ ಪುಸ್ತಕದಾಗ ತಾಳೆ ನೋಡಾಕ ಬೇಕಾಗ್ತೈತಿ.

ಸಂಧಿ ಇನ್ನೊಂದು ತೊಡಕು. ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ ನೋಡಿದವರಿಗೆ ಅಂಬಿಗರ ಚೌಡಯ್ಯ ಹೊಸಾ ಹೆಸರಲ್ಲ, ರಾಣೇಬೆನ್ನೂರು ತಾಲೂಕು, ತುಂಗಭದ್ರಾ ದಂಡಿ. ಈ ಶರಣ ತನ್ನ ಹೆಸರನ್ನೇ ಅಂಕಿತ ಮಾಡ್ಕೊಂಡಾನ. ಆದ್ರ ಹಾಡಿನಾಗ "ಎಂದಾತನಂಬಿಗರ ಚೌಡಯ್ಯ" ಅಂತ ಕೂಡಿ ಬಂದಾಗ ಹೊಸಬರ ಕಿವಿಗೆ "ನಂಬಿಗರ" ಅಂತ ಬೀಳ್ತೈತಿ. "ನಂಬಿಗ" ಅಂತ ಹುಡುಕಿದ್ರ ಎಲ್ಲಿ ಸಿಗಬೇಕು ಹೇಳ್ರಿ. ಶಬ್ದದ ಶುರುವಿಗೆ ನ, ಯ, ವ ಅಂತ ಅರ್ಥ ಇಲ್ಲದ ಅಕ್ಷರ ಕೇಳಿಸಿದ್ರ ಅದು ಹಿಂದಿನ ಶಬ್ದದ ಬಾಲ ಇರಬಹುದು, ಅದನ್ನ ತೆಗೆದು ಓದಿ ನೋಡ್ರಿ.

ಮೂರನೇದು: ಅಂಕಿತದಾಗ ಇರೋ ಹೆಸರು ಯಾರದು ಅಂತ ವಿಚಾರ ಮಾಡ್ರಿ

ಅಂಕಿತ ಅಂದ್ರ ಬರದವರ ಸಹಿ ಅಂತ ಸಾಲಿಯಾಗ ಹೇಳಿಕೊಟ್ಟಾರ, ಅದು ಅರ್ಧ ಖರೇ. ನಮ್ಮ ಸುತ್ತಮುತ್ತಲಿನ ಊರಿನವರನ್ನೇ ನೋಡ್ರಿ. ಚೌಡಯ್ಯಂದು ಸ್ವಂತ ಹೆಸರು, ಅಲ್ಲಿ ತೊಂದ್ರಿ ಇಲ್ಲ. ಲಕ್ಕುಂಡಿಯ ಮುಕ್ತಾಯಕ್ಕ ತನ್ನ ವಚನದಾಗ "ಅಜಗಣ್ಣ" ಅಂತ ಇಡ್ತಾಳ, ಅಜಗಣ್ಣ ಆಕಿಯ ಅಣ್ಣ, ಆಕಿಗೆ ಗುರು ಇದ್ದಂಗ. ಅಜಗಣ್ಣ ಅಂತ ಕೇಳಿಸ್ತು ಅಂತ ವಚನ ಅಜಗಣ್ಣನದು ಅಂದ್ರ ತಪ್ಪಾಗ್ತೈತಿ, ಅವನ ಸ್ವಂತ ವಚನದ ಅಂಕಿತ ಬ್ಯಾರೆ, ಮಹಾಘನ ಸೋಮೇಶ್ವರ. ಇನ್ನ ಲಕ್ಷ್ಮೇಶ್ವರ, ಅಂದ್ರ ಹಳೇ ಪುಲಿಗೆರೆಯ ಆದಯ್ಯಂದು "ಸೌರಾಷ್ಟ್ರ ಸೋಮೇಶ್ವರ", ಅಲ್ಲಿ ಇರೋದು ದೇವರ ಹೆಸರು, ಅದೂ ದೂರದ ಸೀಮೆಯ ಹೆಸರು ಹೊತ್ತ ದೇವರು, ಆದ್ರ ಗುಡಿ ಐತಿ ನಮ್ಮ ಗದಗ ಜಿಲ್ಲಾದಾಗ. ಎಲ್ಲಾ ನಮ್ಮ ಕಡೆಯ ಊರು, ಅಂಕಿತದ ರೀತಿ ಮಾತ್ರ ಮೂರು ಥರ.

ಹಂಗೇ "ಪ್ರಿಯ" ಅನ್ನೋ ಶಬ್ದ ಅಂಕಿತದಾಗ ಕೇಳಿಸಿದ್ರ ಅಲ್ಲೇ ನಿಲ್ರಿ. ಪ್ರಿಯದ ಹಿಂದಿನ ಹೆಸರು ಬರದವರದ್ದಲ್ಲ, ಅವರ ಗಂಡಂದೋ ಅವರು ಗುರು ಅಂತ ನಂಬಿದವರದ್ದೋ ಇರ್ತೈತಿ. "ಮಾರಯ್ಯಪ್ರಿಯ ಅಮಲೇಶ್ವರಲಿಂಗ" ಅಂದ್ರ ಮಾರಯ್ಯ ಬರದದ್ದಲ್ಲ, ಆಯ್ದಕ್ಕಿ ಮಾರಯ್ಯನ ಹೆಂಡತಿ ಲಕ್ಕಮ್ಮ ಬರದದ್ದು. ಗಾಯಕರು ತಾಳಕ್ಕ ಕೂಡಬೇಕಂತ "ಮಾರಯ್ಯಪ್ರಿಯ" ಬಿಟ್ಟು ಬರೇ "ಅಮಲೇಶ್ವರಲಿಂಗ" ಅಂತ ಹಾಡಿದ್ರೋ, ಲಕ್ಕಮ್ಮನ ವಚನ ಗಂಡನ ಲೆಕ್ಕಕ್ಕ ಹೋಗಿಬಿಡ್ತೈತಿ. ಇದು ನನಗ ಭಾಳ ಸಂಕಟ ಆಗೋ ವಿಷಯ, ಶರಣೆಯರು ಬರದದ್ದೇ ಕಡಿಮಿ ಉಳದಾವ, ಅದರಾಗ ಹಿಂಗೂ ಕಳಕೊಂಡ್ರ ಹೆಂಗ.

ದಾಸರ ಪದಕ್ಕೂ ಶರೀಫರ ಪದಕ್ಕೂ ಇದೇ ಮಾತು. "ಕೋಡಗನ ಕೋಳಿ ನುಂಗಿತ್ತ" ಕಡೀಗೆ "ಗೋವಿಂದ ಗುರುವಿನ ಪಾದ" ಅಂತ ಬರ್ತೈತಿ, ಗೋವಿಂದ ಅಂದ್ರ ಶರೀಫರ ಗುರು ಗೋವಿಂದ ಭಟ್ಟರು, ಪದ ಶರೀಫರದು. ದಾಸರಲ್ಲಿ "ವಿಠಲ" ಅನ್ನೋದು ಹತ್ತಾರು ಮಂದಿಗೆ ಸಾಮಾನ್ಯ, ಅದರ ಹಿಂದಿನ ಶಬ್ದ ಪುರಂದರ, ವಿಜಯ, ಗೋಪಾಲ, ಜಗನ್ನಾಥ, ಯಾವುದು ಅಂತ ಕೇಳಿದ್ರ ದಾಸರು ಯಾರು ಅಂತ ತಿಳೀತೈತಿ.

ನಾಲ್ಕನೇದು: ಒಂದೇ ಬಾಲದ ಅಂಕಿತ ಬ್ಯಾರೆ ಮಾಡೋದು

ವಚನದಾಗ ಎರಡು ದೊಡ್ಡ ಗುಂಪು ಕಾಡ್ತಾವ, ಒಂದು "ಸಂಗ", ಇನ್ನೊಂದು "ಮಲ್ಲಿಕಾರ್ಜುನ". ಎರಡೂ ಕಡೆ ಉಪಾಯ ಒಂದೇ, ಬಾಲ ಬಿಟ್ಟುಬಿಡ್ರಿ, ಅದರ ಮುಂಚೆ ಎಷ್ಟು ಅಕ್ಷರ ಅದಾವ ಅಂತ ಬೆರಳು ಮಡಚಿ ಎಣಸ್ರಿ. ಶಬ್ದ ಸರಿಯಾಗಿ ಕೇಳದಿದ್ರೂ ಅಕ್ಷರದ ಎಣಿಕೆ ಬಹಳ ಸಲ ಸಿಗ್ತೈತಿ.

ಸಂಗದ ಗುಂಪಿನಾಗ "ಕೂಡಲ" ಮತ್ತ "ಸಂಗ" ನಡುವ ಏನೂ ಇಲ್ಲಂದ್ರ ಬಸವಣ್ಣ. ನಡುವ ಎರಡು ಅಕ್ಷರ, "ಚೆನ್ನ" ಇದ್ರ ಚೆನ್ನಬಸವಣ್ಣ, ಕೂಡಲಚೆನ್ನಸಂಗಮದೇವ ಅಥವಾ ಕೂಡಲಚೆನ್ನಸಂಗಯ್ಯ. ಕೇಳೋರು ಈ "ಚೆನ್ನ"ವನ್ನ ಗಾಯಕರು ಚೆಂದಕ್ಕ ಸೇರಿಸಿದ್ದು ಅಂತ ತಿಳೀತಾರ, ಅಲ್ಲ, ಅದೇ ಇಡೀ ವ್ಯತ್ಯಾಸ. "ಕೂಡಲ"ನೇ ಇಲ್ಲ, ಬರೇ "ಸಂಗಯ್ಯ" ಅಂತ ಐತಿ ಅಂದ್ರ ನೀಲಮ್ಮನ ವಚನ ಇರಬಹುದು, ಆದ್ರ "ಕೂಡಲ" ಕ್ಲಿಪ್ಪಿನಾಗ ನುಂಗಿಹೋಗಿಲ್ಲ ಅಂತ ಮದಲ ಖಾತ್ರಿ ಮಾಡ್ಕೋರಿ.

ಈ ಗುಂಪಿನಾಗ ಇನ್ನೊಂದು ಗೊತ್ತಿರಲಿ, ಬಸವಣ್ಣನ ವಚನ ಅಂತ ಚೊಲೋತ್ನಾಗಿ ಗೊತ್ತಿರೋದನ್ನೇ ಕೆಲವು ಕಡೆ "ಲಿಂಗದೇವ" ಅಂಕಿತ ಹಾಕಿ ಹಾಡ್ತಾರ. ಅದು ಬ್ಯಾರೆ ವಚನಕಾರ ಅಲ್ಲ. ಅಂಕಿತ ಬದಲಿ ಮಾಡಿ ಅಚ್ಚು ಹಾಕಿದ ಪುಸ್ತಕವನ್ನ ಸರ್ಕಾರ 1998ರಾಗ ನಿಷೇಧ ಮಾಡಿತ್ತು, 2017ರಾಗ ಸುಪ್ರೀಂ ಕೋರ್ಟ್ ಆ ನಿಷೇಧ ಎತ್ತಿಹಿಡೀತು, ಆದ್ರ ಹಾಡೋರ ಬಾಯಾಗ ಆ ರೂಪ ಈಗೂ ಕೇಳಸ್ತೈತಿ. ಅಂಥಾದ್ದು ಬಂದ್ರ ವಚನದ ಮದಲನೇ ಸಾಲಿನಿಂದ ಹುಡುಕ್ರಿ, ಹಳೇ ಪಾಠದಾಗ ಕೂಡಲಸಂಗಮದೇವ ಸಿಗ್ತೈತಿ.

ಮಲ್ಲಿಕಾರ್ಜುನದ ಗುಂಪು ಹಿಂಗೈತಿ. ಮುಂಚೆ ಎರಡು ಅಕ್ಷರ, "ಚೆನ್ನ", ಅಂದ್ರ ಅಕ್ಕಮಹಾದೇವಿ. ಐದು ಅಕ್ಷರ, ಕ, ಪಿ, ಲ, ಸಿ, ದ್ಧ, ಅಂದ್ರ ಸೊನ್ನಲಿಗೆಯ ಸಿದ್ಧರಾಮ, ಇವರ ವಚನದಾಗ ಕಪಿಲಸಿದ್ಧಮಲ್ಲಿನಾಥಯ್ಯ ಅಂತಲೂ ಬರ್ತೈತಿ. ನಾಕು ಅಕ್ಷರ, "ನಿಃಕಳಂಕ", ಅಂದ್ರ ಮೋಳಿಗೆ ಮಾರಯ್ಯ. ಆ ನಿಃಕಳಂಕದ ಮುಂಚೆ ಇನ್ನೂ ಉದ್ದಕ "ಎನ್ನಯ್ಯಪ್ರಿಯ ಇಮ್ಮಡಿ" ಅಂತ ಇದ್ರ ಮಾರಯ್ಯನ ಹೆಂಡತಿ ಮಹಾದೇವಿ, ಈ ಮಹಾದೇವಿ ಬ್ಯಾರೆ, ಉಡುತಡಿಯ ಅಕ್ಕ ಅಲ್ಲ.

ಈಗ ಆ ಆಡಿಯೋ ಬಿಡಿಸೋಣು

ಆ ಹುಡುಗಿ ಕಳಿಸಿದ ಆಡಿಯೋದಾಗ ಮುಖಡಾ ಸ್ಪಷ್ಟ ಇತ್ತು, "ತಾ ಮಾಡಿದ ಹೆಣ್ಣು ತನ್ನ ತಲೆಯನೇರಿತ್ತು". ಆಮ್ಯಾಲಿನ ಸಾಲಿನಾಗ ತೊಡೆ, ಬ್ರಹ್ಮನ ನಾಲಿಗೆ, ನಾರಾಯಣನ ಎದೆ ಅಂತ ಬರ್ತಾವ. ನಾನು ಆಡಿಯೋದ ತುದಿಗೆ ಹೋದೆ, ಅಲ್ಲಿ ಮತ್ತ "ತಾ ಮಾಡಿದ ಹೆಣ್ಣು" ಅಂತ ಮುಖಡಾನೇ ಇತ್ತು. ಹಿಂದಕ್ಕ ಬಂದೆ, "ಹೆಣ್ಣು ಹೆಣ್ಣಲ್ಲ" ಅಂತ ಶುರುವಾಗೋ ಹೊಸಾ ಸಾಲು ಸಿಕ್ತು, ಅದನ್ನ ನಾಕು ಸಲ ತಿರುಗಿಸ್ಯಾರ. ನನಗ ಮದಲ ಕೇಳಿದ್ದು ಮೂರನೇ ಸಲದ್ದು, ಅದರಾಗ "ಹೆಣ್ಣು ಪ್ರತ್ಯಕ್ಷ" ಅಂತ ಹೇಳಿ ಒಂದು ತಾನು ಹೊಡದು "ಮಲ್ಲಿಕಾರ್ಜುನ ನೋಡಾ" ಅಂತ ಇಳದಾರ, ನಡುವಿನ ಮಾತು ತಾನಿನಾಗ ಕರಗಿಹೋಗೇತಿ. ಹಿಂಗಾಗಿ ನಮ್ಮ ತಲಿ ತಾನೇ "ಚೆನ್ನ" ಅಂತ ತುಂಬಕೊಂಡ್ತು, ವಿಷಯ ಹೆಣ್ಣು, ದೇವರು ಮಲ್ಲಿಕಾರ್ಜುನ, ಇನ್ಯಾರು ಬರದಿರಬೇಕು ಅಂತ.

ಮದಲನೇ ಸಲದ ಸಾಲನ್ನ 0.75 ಸ್ಪೀಡಿನಾಗ ಹಾಕಿದೆ. "ಪ್ರತ್ಯಕ್ಷ" ಆದ ಮ್ಯಾಲೆ "ಮಲ್ಲಿ" ಬರೂತನಾ ಬೆರಳು ಮಡಚಿದೆ, ಐದು ಆತು. ಮದಲನೇ ಎರಡು ತಬಲಾದ ಪೆಟ್ಟಿನ ಕೆಳಗ ಸಿಕ್ಕು ಕೇಳಂಗಿಲ್ಲ, ಆದ್ರ "ಲ" ಕೇಳಸ್ತೈತಿ, "ಸಿದ್ಧ"ದ ಒತ್ತು ಗಟ್ಟಿ ಕೇಳಸ್ತೈತಿ. "ಚೆನ್ನ"ಕ್ಕ ಎರಡೇ ಅಕ್ಷರ, "ನಿಃಕಳಂಕ"ಕ್ಕ ನಾಕು, "ದ್ಧ" ಎರಡರಾಗೂ ಇಲ್ಲ. ಉಳದದ್ದು ಕಪಿಲಸಿದ್ಧಮಲ್ಲಿಕಾರ್ಜುನ ಒಂದೇ. ಅಲ್ಲಿಗೆ ವಚನ ಸಿದ್ಧರಾಮಂದು ಅಂತ ಮನಸ್ಸಿಗೆ ಬಂತು, ಆದ್ರ ಕರಪತ್ರಕ್ಕ ಹಾಕೂ ಹೆಸರು ಬರೇ ಕಿವಿ ನಂಬಿ ಕೊಡೂದಲ್ಲ.

ಮುಂದ ಪಾಠ ಹುಡುಕೋ ಕೆಲಸ. ಅಂಕಿತ ಹಾಕಿ ಹುಡುಕಬ್ಯಾಡ್ರಿ, ಅವರ ನೂರಾರು ವಚನ ಒಮ್ಮೆಲೇ ಬಂದು ಬೀಳ್ತಾವ. "ಹೆಣ್ಣು" ಅಂತ ಹಾಕಿದ್ರೂ ಅದೇ ಗತಿ, ಅಲ್ಲಮನ "ಹೆಣ್ಣು ಮಾಯೆಯಲ್ಲ" ಅನ್ನೋದರಿಂದ ಹಿಡದು ಎಲ್ಲಾ ಬರ್ತಾವ. ಕಡಿಮಿ ಬಳಕೆಯ ಶಬ್ದ ಆರಿಸ್ಕೋರಿ. ನಾನು "ತಲೆಯನೇರಿತ್ತು" ಅಂತ ಹಾಕಿದೆ, ವಚನ ಸಂಚಯ ಅನ್ನೋ ಜಾಲತಾಣದಾಗ ಶಬ್ದ ಹಾಕಿದ್ರ ಅದನ್ನ ಬಳಸಿದ ವಚನ ತೋರಸ್ತೈತಿ. ಶಬ್ದ ಪೂರ್ತಿ ಹಾಕಿ ಸಿಗದಿದ್ರ ಬಾಲ ಕಡಿಮಿ ಮಾಡ್ರಿ, ಕಾಗುಣಿತನೂ ಬದಲಿ ಮಾಡಿ ನೋಡ್ರಿ, ಚೆನ್ನ ಚನ್ನ, ಸಿದ್ಧ ಸಿದ್ದ, ಗುಹೇಶ್ವರ ಗೊಹೇಶ್ವರ, ಒಬ್ಬೊಬ್ಬರು ಒಂದೊಂದು ನಮೂನಿ ಅಚ್ಚು ಹಾಕ್ಯಾರ. ಈ ವಚನದಾಗೂ ಕೆಲವರು "ರಾಕ್ಷಸಿಯಲ್ಲ" ಅಂತ ಹಾಡ್ತಾರ, ಕೆಲವರು "ರಕ್ಕಸಿಯಲ್ಲ" ಅಂತಾರ.

ಪಾಠ ಸಿಕ್ಕ ಮ್ಯಾಲೆ ಮೂರು ಕಡೆ ಕೂಡಿಸಿ ನೋಡಿದೆ. ಮದಲನೇ ಸಾಲು ಕೂಡ್ತು. ನಡುವಿನ ಸಾಲಿನ ಸರದಿ, ತಲೆ, ತೊಡೆ, ನಾಲಿಗೆ, ಎದೆ, ಅದೂ ಕೂಡ್ತು, ಗಂಗೆ ಗೌರಿ ಸರಸ್ವತಿ ಲಕ್ಷ್ಮಿ ಅಂತ ಅರ್ಥಾನೂ ಸಾಲಾಗಿ ನಿಂತ್ವು. ಕಡೀ ಸಾಲು "ಹೆಣ್ಣು ಪ್ರತ್ಯಕ್ಷ ಕಪಿಲಸಿದ್ಧಮಲ್ಲಿಕಾರ್ಜುನ ನೋಡಾ". ಇಲ್ಲಿ ಅಂಕಿತ ಬರೇ ಸಹಿ ಅಲ್ಲ ನೋಡ್ರಿ, ವಾಕ್ಯದ ಅರ್ಥಾನೇ ಅದರ ಮ್ಯಾಲೆ ನಿಂತೈತಿ, ಹೆಣ್ಣು ಅಂದ್ರ ಸಾಕ್ಷಾತ್ ದೇವರು ಅಂತ. ಅದನ್ನ ತೆಗೆದು "ಚೆನ್ನಮಲ್ಲಿಕಾರ್ಜುನ" ಅಂತ ಇಟ್ರೂ ವಾಕ್ಯ ಚಂದಾಗೇ ನಿಲ್ತೈತಿ, ಕೇಳೋರಿಗೆ ಯಾವ ಅನುಮಾನನೂ ಬರಂಗಿಲ್ಲ, ಇಂಥಾ ವಚನದಾಗೇ ತಪ್ಪು ಹೆಚ್ಚು ಹಬ್ಬೋದು.

ಎಲ್ಲಿ ಅಂಕಿತ ಸಾಕಾಗಂಗಿಲ್ಲ

ಅಂಕಿತ ಗಟ್ಟಿ ಕೇಳಿಸಿದ್ರೂ ಪಾಠ ಎಲ್ಲೂ ಸಿಗಲಿಲ್ಲ ಅಂದ್ರ ಅವರದ್ದೇ ಅಂತ ಹೇಳಾಕ ಬರಂಗಿಲ್ಲ. ಸರ್ವಜ್ಞನ ಹೆಸರಿಟ್ಟು ಆಮ್ಯಾಲಿನವರು ಎಷ್ಟೋ ತ್ರಿಪದಿ ಕಟ್ಯಾರ, ದೊಡ್ಡ ಶರಣರ ಅಂಕಿತ ಇಟ್ಟು ಹಿಂದಿನಿಂದ ಸೇರಿಸಿದ ವಚನಾನೂ ಅದಾವ, ಈಗಂತೂ ಫಾರ್ವರ್ಡ್ ಮೆಸೇಜಿನಾಗ ನಿನ್ನೆ ಮೊನ್ನೆ ಬರದ ಮಾತಿಗೂ ಕಡೀಗೆ ಕೂಡಲಸಂಗಮದೇವ ಅಂತ ಅಂಟಸ್ತಾರ. ಇವತ್ತಿನ ಕನ್ನಡದ ಶಬ್ದ, ವಾಕ್ಯದ ಓಟ ಕಂಡ್ರ ಅಲ್ಲೇ ಅನುಮಾನ ಪಡ್ರಿ, ಅಚ್ಚಾದ ಸಂಪುಟದಾಗ ಐತೇನು ನೋಡ್ರಿ. ರಾಜ್ಯ ಸರ್ಕಾರ ತಂದ ಸಮಗ್ರ ವಚನ ಸಂಪುಟ ಹದಿನೈದು ಅದಾವ, ದೊಡ್ಡ ಗ್ರಂಥಾಲಯದಾಗ ಕೇಳ್ರಿ, ವಚನದ ಮದಲನೇ ಸಾಲಿನ ಅಕಾರಾದಿ ಹಿಡ್ಕೊಂಡ್ರ ಜಲ್ದಿ ಸಿಗ್ತೈತಿ.

ಯೂಟ್ಯೂಬ್ ವಿಡಿಯೋದ ಕೆಳಗ ಬರದ ಹೆಸರು ಸಾಕ್ಷಿ ಅಲ್ಲ, ಅದು ಅಪ್‌ಲೋಡ್ ಮಾಡಿದವರ ಊಹೆ ಇರ್ತೈತಿ. ನಿರೂಪಕರು ಮೈಕಿನಾಗ ಹೇಳಿದ್ದೂ ಅಷ್ಟೇ, ಅವರ ಕೈಯಾಗಿನ ಚೀಟಿ ಯಾರು ಬರದದ್ದು ಅಂತ ಯಾರಿಗೆ ಗೊತ್ತು. ಆದ್ರ ಹಾಡಿದವರನ್ನೇ ಕೇಳಾಕ ಆಗ್ತದ ಅಂದ್ರ ಕೇಳ್ರಿ, ಅವರ ವಹಿಯಾಗ ಪೂರ್ತಿ ಪಾಠ ಇರ್ತೈತಿ.

ನಾವು ಕರಪತ್ರದಾಗ ಹಾಕಿದ್ದು ಹಿಂಗ: ಮದಲ ವಚನದ ಮದಲನೇ ಸಾಲು, ಅದರ ಕೆಳಗ "ವಚನ: ಸಿದ್ಧರಾಮ", ಆಮ್ಯಾಲೆ ಬ್ಯಾರೆ ಸಾಲಿನಾಗ ಹಾಡೋರ ಹೆಸರು, ರಾಗ ಸಂಯೋಜನೆ ಯಾರದು ಅಂತ ಗೊತ್ತಾಗಲಿಲ್ಲ, ಆ ಜಾಗಾ ಖಾಲಿ ಬಿಟ್ವಿ. ಹಾಡೋ ದಿವಸ ಆ ಹುಡುಗಿಗೆ ಒಂದೇ ಮಾತು ಹೇಳಿದ್ದೆ, "ಕಡೀ ಸಾಲಿನಾಗ ತಾನು ಹೊಡೀರಿ, ಬ್ಯಾಡ ಅನ್ನಂಗಿಲ್ಲವಾ, ಆದ್ರ ಮದಲನೇ ಸಲ ಕಪಿಲಸಿದ್ಧ ಅನ್ನೋದನ್ನ ಒಡೀಬ್ಯಾಡ್ರಿ, ಒಂದೇ ಉಸಿರಿನಾಗ ಹೇಳ್ರಿ." ಹಂಗೇ ಹೇಳಿದ್ರು, ಹಿಂದಿನ ಸಾಲಿನಾಗ ಕುಂತಿದ್ದ ನನಗೂ ಐದೂ ಅಕ್ಷರ ಕೇಳಿಸಿದ್ವು.